ಸಾಡೇಸಾತಿ ಅಂದ್ರ ನೀಲಾನ ಹಾಕಬೇಕೇನು?

ಹೋದ ವಾರ ನಮ್ಮ ನಾದಿನಿ ಫೋನ್ ಮಾಡಿದ್ಲು. "ವೈನಿ, ಒಂದು ಜೋಡಿ ಪಾಟ್ಲಿ ಮಾರಬೇಕಂತ ಮಾಡೇನಿ, ಚೊಲೊ ರೇಟ್ ಯಾರು ಕೊಡ್ತಾರ?" ಅಂತ. ನನ್ನ ಎದಿ ಧಸಕ್ಕಂತು. ಕೇಳಿದ್ರ, ಮಗಳಿಗೆ ಸಾಡೇಸಾತಿ ನಡದದ, ಲಗ್ನ ಕೂಡಿ ಬರವಲ್ದು, ಹರಳಿನ ಅಂಗಡ್ಯಾಗ ಕೂತ ಜ್ಯೋತಿಷಿ ಐದೂಕಾಲು ರತ್ತಿ ನೀಲಾ ಹಾಕ್ರಿ ಅಂದಾನ. ರತ್ತಿಗೆ 12 ಸಾವಿರದಂಗ 63 ಸಾವಿರ, ಮ್ಯಾಲ ಉಂಗುರದ ಬೆಳ್ಳಿ ಬ್ಯಾರೆ. ಐದು ಸಾವಿರ ಅಡ್ವಾನ್ಸೂ ಕೊಟ್ಟು ಬಂದಿದ್ಲು.

ಅಕ್ಕಂದಿರ್ಯಾ, ಒಂದು ಲೆಕ್ಕಾ ಹಾಕ್ರಿ. ಶನಿ ನಿಮ್ಮ ರಾಶಿಯ ಹಿಂದಿನ ಮನಿ, ನಿಮ್ಮ ರಾಶಿ, ಮುಂದಿನ ಮನಿ, ಈ ಮೂರು ದಾಟೂದಕ್ಕ ಏಳೂವರಿ ವರ್ಷ. ಅಂದ್ರ ಯಾವಾಗ ನೋಡಿದ್ರೂ ಹನ್ನೆರಡರೊಳಗ ಮೂರು ರಾಶಿಯವರಿಗೆ ಸಾಡೇಸಾತಿ ಇದ್ದ ಇರ್ತದ. ಅವರೆಲ್ಲಾರಿಗೂ ನೀಲಾ ಬೇಕಂದ್ರ ಊರಾಗ ಕಾಲು ಭಾಗ ಮಂದಿ ಬೆರಳು ನೀಲಿ ಆಗಬೇಕಾಗಿತ್ತು!

ನಾನು ನಾದಿನೀನ ಕರಕೊಂಡು ನಮ್ಮ ಹಳೇ ಶಾಸ್ತ್ರಿಗಳ ಕಡೆ ಹೋದೆ. ಅವರು ಹರಳಿನ ಸುದ್ದೀನ ಎತ್ತಲಿಲ್ಲ. "ಹುಟ್ಟಿದ ವ್ಯಾಳ್ಯಾ ಯಾರು ಬರದಿಟ್ಟಾರ?" ಅಂತ ಕೇಳಿದ್ರು. ನಾದಿನಿ ಅಂಗಡ್ಯಾಗ ನೆನಪಿನ ಮ್ಯಾಲ "ಸಂಜಿ ದೀಪಾ ಹಚ್ಚೋ ಹೊತ್ತು, ಆರೂವರಿ" ಅಂದಿದ್ಲು. ಮನಿಗೆ ಬಂದು ದವಾಖಾನಿ ಕಾರ್ಡ್ ಹುಡುಕಿದ್ರ 8 ಗಂಟಿ 10 ನಿಮಿಷ ಅಂತದ! ಹುಟ್ಟಿದ್ದು ಡಿಸೆಂಬರ್ ಕಡೀ ವಾರ, ಮೀನ ರಾಶಿ. ರಾಶಿ ಬದಲಾಗಲಿಲ್ಲ, ಸಾಡೇಸಾತಿ ಇದ್ದದ್ದ ಇತ್ತು. ಆದ್ರ ಲಗ್ನ ಸುಮಾರು ಎರಡು ತಾಸಿಗೊಮ್ಮೆ ಬದಲಾಗ್ತದ. ಆರೂವರಿಗೆ ಮಿಥುನ ಲಗ್ನ, ಎಂಟೂ ಹತ್ತಕ್ಕ ಕರ್ಕ.

ಇದರಾಗ ಏನು ಫರಕು? ಶಾಸ್ತ್ರಿಗಳು ಹೇಳಿದ್ದು ಹಿಂಗ: ರತ್ನ ಗ್ರಹವನ್ನ ಶಾಂತ ಮಾಡೂದಿಲ್ಲ, ಅದರ ಬಲಾ ಹೆಚ್ಚು ಮಾಡ್ತದ. ಅದಕ್ಕ ಆ ಗ್ರಹ ನಿಮ್ಮ ಜಾತಕದಾಗ ಯಾವ ಮನಿ ಯಜಮಾನ ಅಂತ ಮೊದಲು ನೋಡಬೇಕು. ಮಿಥುನಕ್ಕ ಶನಿ ಎಂಟು ಮತ್ತ ಒಂಬತ್ತರ ಅಧಿಪತಿ. ಒಂಬತ್ತು ಭಾಗ್ಯಸ್ಥಾನ, ಅದರ ಆಸರಿಲೆ ಕೆಲವರು ನೀಲಾ ಹೇಳ್ತಾರ. ಕರ್ಕಕ್ಕ ಅವನು ಏಳು ಮತ್ತ ಎಂಟರ ಅಧಿಪತಿ. ನಾದಿನಿ ಬಿಡಲಿಲ್ಲ, "ಏಳು ಅಂದ್ರ ಲಗ್ನದ ಮನೀನ ಅಲ್ರೀ, ಅದು ಗಟ್ಟಿ ಆಗಲಿ" ಅಂದ್ಲು. ಅವರು ನಕ್ಕು "ಏಳನೇ ಮನಿ ಗಟ್ಟಿ ಮಾಡು, ಎಂಟನೇದು ಬಿಡು ಅಂತ ಹರಳಿಗೆ ಹೇಳ್ಲಿಕ್ಕೆ ಬರ್ತದೇನವ್ವಾ?" ಅಂದ್ರು. ವೃಷಭ, ತುಲಾ ಲಗ್ನದವರಿಗೆ ಶನಿ ಯೋಗಕಾರಕ. ಅಲ್ಲಿ ಸಹಿತ ಅವನು ಎಲ್ಲಿ ಕೂತಾನ, ಯಾವ ದಶಾ ನಡದದ ನೋಡದ ಅವರು ನೀಲಾ ಹೇಳೂದಿಲ್ಲಂತ.

ಹಂಗಾರ ಏನು ಮಾಡೂದು? ತೊಂದ್ರಿ ಕೊಡೋ ಗ್ರಹಕ್ಕ ಜಪ, ದಾನ. ಶನಿ ಜಪದ ಸಂಖ್ಯಾ ಕೆಲವರು 19 ಸಾವಿರ ಅಂತಾರ, ಕೆಲವರು 23 ಸಾವಿರ. ದಿನಾ ಒಂದು ಜಪಮಾಲಿ, 108 ಹಿಡದ್ರ 19 ಸಾವಿರ ಆರು ತಿಂಗಳಿಗೆ ಮುಗೀತದ. ಹುಡುಗಿ ತಾನ ಮಾಡಬೇಕು, ರೊಕ್ಕಾ ಕೊಟ್ಟು ಮಾಡಿಸೂದು ಆಮ್ಯಾಲಿನ ಮಾತು. ಶನಿವಾರ ಎಳ್ಳೆಣ್ಣಿ ದೀಪಾ, ಆದಷ್ಟು ಕರೀ ಎಳ್ಳು ದಾನ. ತಿಂಗಳಿಗೆ ನೂರಿನ್ನೂರು ರೂಪಾಯಿ. ಇದರಿಂದ ಲಗ್ನ ಆಗೇ ಆಗ್ತದ ಅಂತ ಅವರು ಹೇಳಲಿಲ್ಲ. ಇವು ಕೆಲಸಾ ಮಾಡ್ತಾವ ಅಂತ ತೂಗಿ ನೋಡಿ ತೋರಿಸಿದ ಪುರಾವೆ ಹರಳಿಗೂ ಇಲ್ಲ, ಜಪಕ್ಕೂ ಇಲ್ಲ. ಆದ್ರ ಜಪಕ್ಕ ಪಾಟ್ಲಿ ಮಾರೂದು ಬೇಕಾಗೂದಿಲ್ಲ. ಹುಡುಗಿ ಥೈರಾಯ್ಡ್ ಗುಳಿಗಿ ಮಾತ್ರ ಒಂದು ದಿನಾನೂ ಬಿಡಬಾರದು ಅಂತ ತಾವಾಗೇ ಹೇಳಿದ್ರು.

ಇಷ್ಟಾದ ಮ್ಯಾಲೂ ಯಾರರೆ ಹರಳು ತಗೋತೀನಂದ್ರ ತೂಕದ ಕಡೆ ಲಕ್ಷ್ಯ ಇರಲಿ. ರತ್ತಿ ಅಂಗಡಿಗೊಂದು ಥರಾ, ಕ್ಯಾರಟ್ ಮಾತ್ರ ಎಲ್ಲಾ ಕಡೆ 200 ಮಿಲಿಗ್ರಾಂ. ಕ್ಯಾರಟ್ ಲೆಕ್ಕದಾಗ ಬಿಲ್ ಬರಸ್ರಿ. ಕಾರ್ಖಾನ್ಯಾಗ ಮಾಡಿದ ನೀಲಾ ನೂರು ವರ್ಷದಿಂದ ಪ್ಯಾಟ್ಯಾಗ ಅದ, ಗಟ್ಟಿತನಾ ಖರೇದರಷ್ಟ. ಗೀರಿ ನೋಡಿದ್ರ ಗೊತ್ತಾಗೂದಿಲ್ಲ. ದುರ್ಬೀನಿನಾಗ ಒಳಗಿನ ಗೆರಿ ಬಾಗಿದ್ರ ಸಂಶಯ ಪಡ್ರಿ. ಕೆಲವಕ್ಕ ಸೀಳು ಮುಚ್ಚಲಿಕ್ಕೆ ಗಾಜು ತುಂಬಿರ್ತಾರ. ಅದಕ್ಕ ಮಾರಾವನ ಚೀಟಿ ಬ್ಯಾಡ, ಬ್ಯಾರೆ ಲ್ಯಾಬಿನ ಸರ್ಟಿಫಿಕೇಟ್ ನೋಡ್ರಿ: ನೈಸರ್ಗಿಕ ಹೌದೋ ಅಲ್ಲೋ, ಕಾಯಿಸ್ಯಾರೋ, ತುಂಬ್ಯಾರೋ. ಹೇಳಾವನೂ ಮಾರಾವನೂ ಒಬ್ಬನ ಆಗಿದ್ರಂತೂ ಎದ್ದು ಬರ್ರಿ.

ಪಾಟ್ಲಿ ಕಪಾಟಿನಾಗ ಅವ. ಅಡ್ವಾನ್ಸ್ ಐದು ಸಾವಿರ ಇನ್ನೂ ತಿರುಗಿ ಬಂದಿಲ್ಲ. ಈ ಶನಿವಾರ ನಾನೂ ನಾದಿನಿ ಕೂಡ ಹೋಗಿ ಕೇಳಾವ್ರು.