ದೀಪ ಬೆಳಗಿದವರು ಕೆಳಗೆ ಬರಲಿ, ಲಸಿಕೆಯ ದಿನ ಮೇಲೆ ಬರಲಿ

ಒಂದು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಅಣ್ಣ ಸಿಟ್ಟಾಗಿ ನಮಗೆ ಫೋನ್ ಮಾಡಿದ್ದರು. 'ನಾವು ಕಳಿಸಿದ ಪತ್ರಿಕಾ ಪ್ರಕಟಣೇನ ಪೇಪರಿನವರು ಅರ್ಧಕ್ಕೇ ಕತ್ತರಿಸಿದ್ದಾರೆ. ಕಾಲುಬಾಯಿ ಜ್ವರದ ಲಸಿಕೆ ಯಾವತ್ತು ಅನ್ನೋದೇ ಬಂದಿಲ್ಲ. ಡಾಕ್ಟರು ಬಂದಾಗ ಅರ್ಧ ಊರಿನ ದನ ಮೇಯೋಕೆ ಹೋಗಿದ್ದವು.'

ಆ ಕರಡನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಓದಿದೆವು. ಓದಿದ ಮೇಲೆ ನಾವು ಹೇಳುವ ಮಾತು ಅಣ್ಣನಿಗೆ ಹಿಡಿಸಲಿಕ್ಕಿಲ್ಲ: ತಪ್ಪು ಪೇಪರಿನವರದಲ್ಲ, ಕರಡಿನದು.

ಮೊದಲ ಸಾಲು 'ಕಾರ್ಯಕ್ರಮ ಯಶಸ್ವಿ'. ಆಮೇಲೆ ಸಂಘ ಶುರುವಾದ ಕಥೆ. ಆಮೇಲೆ ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿದ್ದವರು, ಒಟ್ಟು ಹನ್ನೊಂದು ಹೆಸರು. ಪಶುವೈದ್ಯರು ಆಡಿದ ಒಳ್ಳೆಯ ಮಾತು ಅದರ ಕೆಳಗೆ. ಕಟ್ಟಕಡೆಗೆ, ವಂದನಾರ್ಪಣೆಯೂ ಮುಗಿದ ಮೇಲೆ, 'ಮುಂದಿನ ಸೋಮವಾರದಿಂದ ಲಸಿಕೆ ಹಾಕಲಾಗುವುದು.'

ಪತ್ರಿಕೆಯ ಡೆಸ್ಕಿನಲ್ಲಿ ಜಾಗ ಸಾಲದಿದ್ದಾಗ ಉಪಸಂಪಾದಕರು ಸುದ್ದಿಯನ್ನು ಬುಡದಿಂದ ಕತ್ತರಿಸುತ್ತಾರೆ. ಮುಖ್ಯವಾದದ್ದು ಮೇಲೇ ಇರುತ್ತದೆ ಅನ್ನುವುದು ಅವರ ಲೆಕ್ಕ. ಈ ಕರಡಿನಲ್ಲಿ ಹೆಸರುಗಳು ಉಳಿದವು, ದಿನ ಹೋಯಿತು.

ಹಾಗಾದರೆ ಇದನ್ನು ಜೋಡಿಸಬೇಕಾದದ್ದು ಹೇಗೆ? ಊರಿನ ಹೆಸರನ್ನು ಹೊಸಹಳ್ಳಿ ಎಂದು ಬದಲಿಸಿ ಮಾಡಿ ತೋರಿಸುತ್ತೇವೆ.

ಮೊದಲು ತಲೆಬರಹ. 'ಕಾರ್ಯಕ್ರಮ ಯಶಸ್ವಿ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಹೊಸಹಳ್ಳಿ: ಜೂನ್ 15ರಿಂದ ದನಗಳಿಗೆ ಉಚಿತ ಲಸಿಕೆ' ಅಂದರೆ ಸುದ್ದಿಯೇ ತಿಳಿಯಿತು.

ಎರಡನೆಯದು ಊರು, ದಿನಾಂಕದ ಸಾಲು: 'ಹೊಸಹಳ್ಳಿ (ಶಿರಾ ತಾ.), ಜೂನ್ 11:'. ಹೊಸಹಳ್ಳಿಗಳು ನಮ್ಮ ರಾಜ್ಯದಲ್ಲಿ ಒಂದೆರಡಲ್ಲ, ಅದಕ್ಕೇ ತಾಲ್ಲೂಕು ಬೇಕು. ಇಲ್ಲಿ ಬರುವುದು ಪ್ರಕಟಣೆ ಹೊರಡಿಸಿದ ದಿನ, ಲಸಿಕೆಯ ದಿನ ಅಲ್ಲ. ಇವೆರಡನ್ನೂ ಕಲಸಿದರೆ ಜನ ದನ ಹಿಡಿದುಕೊಂಡು ತಪ್ಪು ದಿನ ನಿಲ್ಲುತ್ತಾರೆ.

ಮೂರನೆಯದು ಮೊದಲ ಪ್ಯಾರಾ. ಕರಡಿನ ಕೊನೆಯ ಸಾಲನ್ನು ಎತ್ತಿ ಇಲ್ಲಿಗೆ ತಂದು, ಬಿಟ್ಟುಹೋದದ್ದನ್ನು ತುಂಬಿದೆವು: 'ಇಲ್ಲಿನ ಡೇರಿ ಆವರಣದಲ್ಲಿ ಜೂನ್ 15ರ ಸೋಮವಾರದಿಂದ ಮೂರು ದಿನ, ಬೆಳಗ್ಗೆ 6ರಿಂದ 9ರವರೆಗೆ, ಹಸು, ಎಮ್ಮೆ ಮತ್ತು ನಾಲ್ಕು ತಿಂಗಳು ತುಂಬಿದ ಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಹಾಕಲಾಗುವುದು.' 'ಮುಂದಿನ ಸೋಮವಾರ' ಎಂದು ಬರೆಯಲೇಬೇಡಿ. ಪೇಪರಿನಲ್ಲಿ ಎರಡು ದಿನ ತಡವಾಗಿ ಬಂದರೆ ಆ ಸೋಮವಾರ ಯಾವುದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ನಾಲ್ಕನೆಯದು ಮಾತು. ಕರಡಿನಲ್ಲಿ ಅಧ್ಯಕ್ಷರು 'ಎಲ್ಲರೂ ಸದುಪಯೋಗ ಪಡಿಸಿಕೊಳ್ಳಬೇಕು' ಅಂದಿದ್ದರು. ಅದನ್ನು ಯಾರು ಬೇಕಾದರೂ ಅನ್ನಬಹುದು. ವೈದ್ಯರ ಮಾತು ಹಾಗಲ್ಲ: 'ಲಸಿಕೆ ಹಾಕಿದರೆ ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗಬಹುದು. ರೋಗ ಬಂದರೆ ಆ ಕರಾವೇ ಕೈತಪ್ಪಬಹುದು.' ಹಾಲು ಕಡಿಮೆಯಾಗುತ್ತದೆಂದು ಹೆದರಿ ಹಸುವನ್ನು ಕೊಟ್ಟಿಗೆಯಲ್ಲೇ ಉಳಿಸಿಕೊಳ್ಳುವವರಿಗೆ ಬೇಕಾದದ್ದು ಈ ಮಾತು. ಇದು ಮೊದಲ ಪ್ಯಾರಾದ ಬೆನ್ನಿಗೇ ಬರಬೇಕು. ಮಾತಿನ ಜಾಗ ಬದಲಿಸಬಹುದು, ಮಾತನ್ನು ಬದಲಿಸಬಾರದು. ಯಾರೂ ಆಡದ ಮಾತನ್ನು ಬರೆದು ಅವರ ಬಾಯಿಗೆ ತುರುಕುವುದಂತೂ ಸುಳ್ಳೇ.

ಕೊನೆಗೆ ಸಂಸ್ಥೆಯ ಪರಿಚಯ. ಪೇಟೆಯ ಕಂಪನಿಯವರು ಇದನ್ನೇ ಬಾಯ್ಲರ್‌ಪ್ಲೇಟ್ ಅನ್ನುತ್ತಾರೆ. ಸಂಘ ಶುರುವಾದ ವರ್ಷ, ಸದಸ್ಯರ ಸಂಖ್ಯೆ, ಮಾಡುವ ಕೆಲಸ, ಇಷ್ಟು ಮೂರು ಸಾಲು. ಒಮ್ಮೆ ಬರೆದಿಟ್ಟುಕೊಂಡರೆ ಪ್ರತಿ ಪ್ರಕಟಣೆಗೂ ಅದನ್ನೇ ಅಂಟಿಸಬಹುದು. ಸದಸ್ಯರ ಸಂಖ್ಯೆ ಹಳತಾಗಿದೆಯೇ ಎಂದು ಮಾತ್ರ ಪ್ರತಿಸಲ ನೋಡಿ. ಅದರ ಕೆಳಗೆ, ವರದಿಗಾರರು ವಿಚಾರಿಸಲು ಒಬ್ಬರ ಹೆಸರು, ಫೋನ್ ನಂಬರ್. ಇದೆಲ್ಲ ಕತ್ತರಿಗೆ ಸಿಕ್ಕಿದರೂ ಸುದ್ದಿಗೆ ನಷ್ಟವಿಲ್ಲ.

'ಹಿರಿಯರ ಹೆಸರು ಕೆಳಗೆ ಹಾಕಿದರೆ ಮುನಿಸಿಕೊಳ್ಳುತ್ತಾರೆ' ಎಂದರು ಕಾರ್ಯದರ್ಶಿ ಅಣ್ಣ. ಇರಬಹುದು. ಅವರಿಗೆ ವೇದಿಕೆಯಲ್ಲಿ ಮುಂದಿನ ಕುರ್ಚಿ ಕೊಟ್ಟಿದ್ದೀರಿ, ಹಾರ ಹಾಕಿದ್ದೀರಿ. ಫೋಟೊ ಕಳಿಸಿ, ಅದರ ಅಡಿಬರಹದಲ್ಲಿ ಹೆಸರುಗಳನ್ನು ಹಾಕಿ. ಆದರೆ ಪ್ರಕಟಣೆಯ ಮೊದಲ ಸಾಲು ಅವರ ಕುರ್ಚಿ ಅಲ್ಲ, ಅದು ದನ ಕಟ್ಟಿದವರ ಜಾಗ. ಹೆಸರು ಕತ್ತರಿಸಿ ಹೋದರೆ ಒಬ್ಬರ ಮುನಿಸು, ದಿನಾಂಕ ಕತ್ತರಿಸಿ ಹೋದರೆ ಊರಿನ ಹಟ್ಟಿ ಹಟ್ಟಿಗೂ ಜ್ವರ.

ಮುಂದಿನ ಸಲ ಪ್ರಕಟಣೆ ಕಳಿಸುವ ಮೊದಲು ಮೊದಲ ಪ್ಯಾರಾದ ಕೆಳಗಿರುವುದನ್ನೆಲ್ಲ ಅಂಗೈಯಿಂದ ಮುಚ್ಚಿ ಓದಿ. ಅಷ್ಟನ್ನೇ ಓದಿದವರು ಸರಿಯಾದ ದಿನ, ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಹಸು ಹೊಡೆದುಕೊಂಡು ಬರಬಲ್ಲರೇ? ಬರಲಾರರು ಅನ್ನಿಸಿದರೆ ಕಳಿಸಬೇಡಿ, ಇನ್ನೊಮ್ಮೆ ಜೋಡಿಸಿ.