ಮಸುಕಾದ ಮುಖ, ಗುರುತಾದ ಸೀರೆ

ಠಾಣೆಯ ಕಡೆಯ ಒಂದು ಹೌಸಿಂಗ್ ಸೊಸೈಟಿ ಎಂದುಕೊಳ್ಳೋಣ. ಎರಡು ವಿಂಗ್, 120 ಮನೆ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದ ಹೊಸ ಕಾರಿನ ಬಾಗಿಲಿಗೆ ಗೀರು ಬಿದ್ದಿದೆ. ಕಾರ್ಯದರ್ಶಿ ಪಾರ್ಕಿಂಗ್ ಕ್ಯಾಮೆರಾದ ರೆಕಾರ್ಡಿಂಗ್ ತೆಗೆಸಿ, 40 ಸೆಕೆಂಡಿನ ತುಣುಕು ಕತ್ತರಿಸಿ, ಫೋನಿನ ಆ್ಯಪ್ ಒಂದರಲ್ಲಿ ಮುಖಗಳನ್ನೂ ನಂಬರ್ ಪ್ಲೇಟುಗಳನ್ನೂ ಬ್ಲರ್ ಮಾಡಿ, ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಯಾರ ಮಾನವೂ ಹೋಗಬಾರದು ಎಂಬ ಸಜ್ಜನಿಕೆಯಿಂದಲೇ ಅಷ್ಟು ಶ್ರಮ ತೆಗೆದುಕೊಂಡಿದ್ದಾರೆ. ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ: ‘ಆ ಹಸಿರು ಸೀರೆ ಬಿ ವಿಂಗ್ ಮೂರನೇ ಮಹಡಿಯ ಬಾಯಿಯದ್ದಲ್ಲವೇ?’ ಆಕೆ ಮಾಡಿದ್ದು ಇಷ್ಟೇ: ಕಾರಿನ ಪಕ್ಕದಿಂದ ನಡೆದು ಲಿಫ್ಟಿನ ಕಡೆಗೆ ಹೋದದ್ದು. ಮರುದಿನದಿಂದ ಎರಡು ಮನೆಯವರು ಆಕೆಯ ಚೀಲ ತೆರೆಸಿ ನೋಡಲು ಶುರುಮಾಡುತ್ತಾರೆ.

ಬ್ಲರ್ ಕೆಟ್ಟಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು.

ಮುಖ ಮುಚ್ಚುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಗೂಗಲ್ ಸ್ಟ್ರೀಟ್ ವ್ಯೂ. 2011ರಲ್ಲಿ ಬೆಂಗಳೂರಿನ ಪೊಲೀಸರು ಅದರ ಕ್ಯಾಮೆರಾ ಕಾರುಗಳನ್ನು ತಡೆದರು. 2022ರಲ್ಲಿ ಅದು ಭಾರತದ ಹತ್ತು ನಗರಗಳಿಗೆ ಮರಳಿತು. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಕಂಪನಿಯ ಎಂಜಿನಿಯರುಗಳು 2009ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅವರ ಯಂತ್ರ ಪರೀಕ್ಷೆಯಲ್ಲಿ ಸಾಕಷ್ಟು ಬ್ಲರ್ ಮಾಡಿದ್ದು 89 ಶೇಕಡಾಕ್ಕಿಂತ ತುಸು ಹೆಚ್ಚು ಮುಖಗಳನ್ನು, 94ರಿಂದ 96 ಶೇಕಡಾ ಪ್ಲೇಟುಗಳನ್ನು. ಒಮ್ಮೆ ಇಂಗ್ಲೆಂಡಿನ ಕೇಂಬ್ರಿಜ್‌ನ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಹಸುವಿನ ಮುಖವನ್ನೂ ಅದು ಮುಚ್ಚಿತ್ತು. ಹಸುವಿಗೆ ಸಿಕ್ಕ ಆ ಮರ್ಯಾದೆ ಎಲ್ಲ ಮನುಷ್ಯರಿಗೂ ಸಿಗಲಿಲ್ಲ.

ಅದು ನಿಂತ ಚಿತ್ರಗಳ ಮಾತು. ವಿಡಿಯೊದಲ್ಲಿ ಲೆಕ್ಕ ಇನ್ನೂ ಕಠಿಣ. ಸೆಕೆಂಡಿಗೆ 25 ಫ್ರೇಮಿನಂತೆ 40 ಸೆಕೆಂಡಿಗೆ ಸಾವಿರ ಫ್ರೇಮು. ಆ್ಯಪ್ ಅವುಗಳಲ್ಲಿ 98 ಶೇಕಡಾ ಫ್ರೇಮುಗಳಲ್ಲಿ ಮುಖವನ್ನು ಹಿಡಿಯಿತು ಎಂದರೂ ಇಪ್ಪತ್ತು ಫ್ರೇಮುಗಳಲ್ಲಿ ಮುಖ ಬೆತ್ತಲಾಗಿ ಉಳಿಯುತ್ತದೆ. ನೋಡುವವರು ಒಂದೇ ಒಂದು ಕಡೆ ವಿಡಿಯೊ ನಿಲ್ಲಿಸಿದರೆ ಸಾಕು. ತಪ್ಪುವುದು ಎಲ್ಲಿ ಎಂಬುದೂ ಹೆಚ್ಚುಕಡಿಮೆ ಗೊತ್ತಿರುವುದೇ: ತಲೆ ತಿರುಗಿಸಿದಾಗ, ಕಂಬದ ಹಿಂದಿನಿಂದ ಹೊರಬಂದಾಗ, ಕತ್ತಲಿನಿಂದ ಟ್ಯೂಬ್‌ಲೈಟಿನ ಕೆಳಗೆ ಕಾಲಿಟ್ಟಾಗ. ಕಾರಿನ ಗಾಜಿನಲ್ಲಿ ಬಿದ್ದ ಪ್ರತಿಬಿಂಬವನ್ನಂತೂ ಯಾರೂ ನೋಡಿರುವುದಿಲ್ಲ. ಪರೀಕ್ಷಿಸುವ ದಾರಿ ಒಂದೇ. ವಿಡಿಯೊವನ್ನು ಓಡಿಸಿ ನೋಡಿದರೆ ಕಣ್ಣು ಮೋಸಹೋಗುತ್ತದೆ. ಒಂದೊಂದೇ ಫ್ರೇಮು ಸರಿಸಿ ನೋಡಬೇಕು. ವಿಎಲ್‌ಸಿ ಪ್ಲೇಯರಿನಲ್ಲಿ `E` ಕೀಲಿ ಒತ್ತಿದರೆ ಅದು ಸಾಧ್ಯ, ತಾಳ್ಮೆ ಮಾತ್ರ ಬೇಕು.

ಫ್ರೇಮು ಒಂದೂ ತಪ್ಪಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಬ್ಲರ್ ಅಳಿಸುವುದಿಲ್ಲ, ಕಲಸುತ್ತದೆ ಅಷ್ಟೆ. ಅಕ್ಕಪಕ್ಕದ ಚುಕ್ಕೆಗಳ ಬಣ್ಣವನ್ನು ಬೆರೆಸಿ ಸರಾಸರಿ ಮಾಡುತ್ತದೆ. ಮೂಲದ ಒಂದು ನೆರಳು ಅಲ್ಲೇ ಉಳಿದಿರುತ್ತದೆ. ಆ ನೆರಳಿನಿಂದ ಮುಖವನ್ನು ಮರಳಿ ಬಿಡಿಸುವುದು ಕಷ್ಟ. ಆದರೆ ಮರಳಿ ಬಿಡಿಸುವ ಅಗತ್ಯವೇ ಇಲ್ಲ, ಹೋಲಿಸಿದರೆ ಸಾಕು. ನಂಬರ್ ಪ್ಲೇಟಿನ ಮೊದಲ ಭಾಗ ಎಂಎಚ್ 04 ಎಂದು ಠಾಣೆಯಲ್ಲಿರುವವರು ಊಹಿಸಬಲ್ಲರು. ನಡುವಿನ ಅಕ್ಷರಗಳೂ ಗೊತ್ತಿದ್ದರೆ ಕೊನೆಯ ನಾಲ್ಕು ಅಂಕಿಗೆ ಇರುವುದು ಹೆಚ್ಚೆಂದರೆ ಹತ್ತು ಸಾವಿರ ಸಾಧ್ಯತೆ. ಪ್ರತಿಯೊಂದನ್ನೂ ಅದೇ ರೀತಿ ಬ್ಲರ್ ಮಾಡಿ ಯಾವುದು ಹೊಂದುತ್ತದೆ ಎಂದು ನೋಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ತೆಳುವಾದ ಬ್ಲರ್ ಈ ಹೋಲಿಕೆಗೆ ಬೇಗ ಸೋಲುತ್ತದೆ, ದಟ್ಟವಾದದ್ದು ತಡೆಯುತ್ತದೆ. ಮುಖದ ವಿಷಯದಲ್ಲೂ 2016ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಮತ್ತು ಕಾರ್ನೆಲ್ ಟೆಕ್‌ನ ಸಂಶೋಧಕರು ಇಂಥದ್ದನ್ನೇ ತೋರಿಸಿದರು: ಇರಬಹುದಾದವರ ಪಟ್ಟಿ ಮೊದಲೇ ಕೈಯಲ್ಲಿದ್ದರೆ, ಬ್ಲರ್ ಆದ ಮುಖ ಆ ಪಟ್ಟಿಯಲ್ಲಿ ಯಾರದ್ದು ಎಂದು ಯಂತ್ರ ಕಲಿಯಬಲ್ಲದು. ಆದ್ದರಿಂದ ಗುರುತು ಅಡಗಲೇಬೇಕಾದ ಕಡೆ ಗಟ್ಟಿ ಕಪ್ಪು ಚೌಕವೇ ಸರಿ. ನೋಡಲು ಚೆಂದವಿಲ್ಲ, ಆದರೆ ಅದರ ಕೆಳಗೆ ಏನೂ ಉಳಿದಿರುವುದಿಲ್ಲ.

ಇಲ್ಲಿ ‘ಪಟ್ಟಿ’ ಎಂಬ ಮಾತಿನಲ್ಲೇ ಎಲ್ಲವೂ ಇದೆ. ಮುಚ್ಚಿದ ಮುಖದ ರಕ್ಷಣೆ ನಿಂತಿರುವುದು ಅದು ಎಷ್ಟು ಜನರ ಮುಖವಾಗಿರಬಹುದು ಎಂಬುದರ ಮೇಲೆ. ದಾದರಿನ ರಸ್ತೆಯಲ್ಲಿ ಸ್ಟ್ರೀಟ್ ವ್ಯೂಗೆ ಸಿಕ್ಕ ಹೆಂಗಸು ಲಕ್ಷಾಂತರ ಜನರಲ್ಲಿ ಒಬ್ಬಳು. ಸೊಸೈಟಿಯ ಬೇಸ್‌ಮೆಂಟಿನಲ್ಲಿ ಮಧ್ಯಾಹ್ನ ಮೂರಕ್ಕೆ ನಡೆದುಹೋಗುವ ಬಾಯಿ ಇಪ್ಪತ್ತು ಜನರಲ್ಲಿ ಒಬ್ಬಳು. ಸೀರೆ, ನಡಿಗೆ, ಚೀಲ, ಸಮಯ, ಇಷ್ಟೇ ಸಾಕು ಗುರುತಿಗೆ. ಕಪ್ಪು ಚೌಕವೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಪರಿಚಿತರ ಎದುರು ಬ್ಲರ್ ಸ್ವಲ್ಪ ರಕ್ಷಣೆ ಕೊಡುತ್ತದೆ. ಪರಿಚಿತರ ಎದುರು ಹಂಚಿದವರ ಮನಸ್ಸಿಗೆ ಸಮಾಧಾನ ಕೊಡುತ್ತದೆ. ಸೊಸೈಟಿಯ ಗುಂಪಿನಲ್ಲಿ ಇರುವವರೆಲ್ಲ ಪರಿಚಿತರೇ.

ಈ ಪಟ್ಟಿ ಇನ್ನೊಂದು ಕಡೆಯೂ ಇದೆ, ಅಲ್ಲಿ ಬ್ಲರ್‌ನ ಪ್ರಶ್ನೆಯೇ ಏಳುವುದಿಲ್ಲ. ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ ಕೂರಿಸಿದರೆ ಅದು ಕೆಲಸದವರ ಮುಖವನ್ನು ಅಳೆದು ಒಂದು ಸಾಲು ಸಂಖ್ಯೆಗಳನ್ನಾಗಿ ಮಾಡುತ್ತದೆ, ಸಾಮಾನ್ಯವಾಗಿ 128 ಅಥವಾ 512 ಸಂಖ್ಯೆಗಳು. ಆಮೇಲೆ ಬರುವ ಪ್ರತಿ ಮುಖವನ್ನೂ ಆ ಸಾಲುಗಳ ಜೊತೆ ಹೋಲಿಸುತ್ತದೆ. ಹಂಚುವ ಪ್ರತಿಯಲ್ಲಿ ಎಷ್ಟು ಬ್ಲರ್ ಮಾಡಿದರೂ ಈ ಅಳತೆ ನಡೆದಿರುವುದು ಬ್ಲರ್ ಇಲ್ಲದ ಮೂಲದ ಮೇಲೆ. ಫೋಟೊ ಅಳಿಸಿದ ಮೇಲೂ ಸಂಖ್ಯೆಗಳ ಸಾಲು ಉಳಿಯಬಹುದು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖ ಬದಲಾಯಿಸಲಾಗದು.

ಹಾಗಾದರೆ ಆಕೆ ಒಪ್ಪಿದ್ದು ಯಾವುದಕ್ಕೆ? ಗೇಟಿನ ಬೋರ್ಡು ‘ಸಿಸಿಟಿವಿ ಕಣ್ಗಾವಲಿದೆ’ ಎನ್ನುತ್ತದೆ. ಅದು ಚಿತ್ರೀಕರಣದ ಸೂಚನೆ, ಹೆಚ್ಚೇನಲ್ಲ. ದಾಖಲಿಸುವುದು ಒಂದು, ಯಾರೆಂದು ಹೋಲಿಸುವುದು ಮತ್ತೊಂದು, ಎಷ್ಟು ಹೊತ್ತಿಗೆ ಬಂದಳು, ಯಾವ ಮಹಡಿಯಲ್ಲಿ ಎಷ್ಟು ನಿಂತಳು ಎಂದು ಲೆಕ್ಕ ತೆಗೆಯುವುದು ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಎಂದರೆ ಮುಕ್ತವಾದ, ನಿರ್ದಿಷ್ಟವಾದ, ತಿಳಿದು ಕೊಟ್ಟ, ಷರತ್ತಿಲ್ಲದ ಒಪ್ಪಿಗೆ ಎನ್ನುತ್ತದೆ. ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಯ ಬಳಕೆಗೆ ಮಾಡುವುದನ್ನು ಕಾಯ್ದೆ ಹೊರಗಿಟ್ಟಿದೆ, ನಿಜ. ಆದರೆ ಸೊಸೈಟಿ ಒಬ್ಬ ವ್ಯಕ್ತಿಯಲ್ಲ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಬೇಡ ಎಂಬ ವಿನಾಯಿತಿಯೂ ಇದೆ. ಅದನ್ನು ಹಿಡಿದು ವಾದಿಸುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಆಕೆಗೆ ಸಂಬಳ ಕೊಡುವವರು ಮೂರನೇ ಮಹಡಿಯವರು, ಸೊಸೈಟಿ ಯಾವಾಗಿನಿಂದ ಆಕೆಯ ಯಜಮಾನ ಆಯಿತು?

‘ಬೇಡ ಎಂದರೆ ಗೇಟಿನೊಳಗೆ ಬಿಡುವುದಿಲ್ಲ’ ಎಂಬ ಕಡೆ ಒಪ್ಪಿಗೆ ಎಂಬ ಪದಕ್ಕೆ ಅರ್ಥವಿಲ್ಲ. ಅರ್ಥ ಬರಬೇಕಾದರೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇರಬೇಕು. ವಾಚ್‌ಮನ್ನಿನ ಮೇಜಿನ ಮೇಲಿನ ರಿಜಿಸ್ಟರಿನಲ್ಲಿ ಹೆಸರು ಬರೆದು ಹೋಗುವುದು ಅಂಥ ದಾರಿ. ಆ ಮಾತನ್ನು ಆಕೆಗೆ ತಿಳಿಯುವ ಮರಾಠಿಯಲ್ಲೋ ಹಿಂದಿಯಲ್ಲೋ, ಕೆಲಸ ಕೊಟ್ಟವರ ಎದುರಲ್ಲಲ್ಲದೆ, ಹೇಳಬೇಕು. ಅಳತೆ ಬೇಕಿಲ್ಲದ ಕಡೆ ಅಳೆಯುವುದೇ ಬೇಡ. ಗೇಟಿನಲ್ಲಿ ಎಷ್ಟು ವಾಹನ ಬಂದವು ಎಂದು ಎಣಿಸಲು ಪ್ಲೇಟ್ ಓದಬೇಕಾಗಿಲ್ಲ. ಮುಖ, ಪ್ಲೇಟು ಎರಡನ್ನೂ ಉಳಿಸಿಕೊಳ್ಳುವ ಮೊದಲೇ ಮುಚ್ಚಿ ಆಮೇಲೆ ಎಣಿಸಬಹುದು.

ಮತ್ತೆ ಆ ಗೀರಿನ ವಿಷಯ. 40 ಸೆಕೆಂಡಿನಲ್ಲಿ ಕಾರಿಗೆ ಸಂಬಂಧಪಟ್ಟದ್ದು ಆರು ಸೆಕೆಂಡು, ಸ್ಕೂಟರೊಂದು ಸಂದಿಯಲ್ಲಿ ನುಸುಳುವ ಹೊತ್ತು. ಆ ಆರು ಸೆಕೆಂಡಿನಲ್ಲಿ ಬಾಯಿ ಕಾಣುವುದೇ ಇಲ್ಲ. ಕಾರಿನ ಯಜಮಾನರನ್ನು ಸೊಸೈಟಿ ಆಫೀಸಿಗೆ ಕರೆದು, ಅಷ್ಟನ್ನು ಬ್ಲರ್ ಇಲ್ಲದೆಯೇ ತೋರಿಸಿ, ಸ್ಕೂಟರಿನವರಿಗೆ ಒಂದು ಫೋನ್ ಮಾಡಿದ್ದರೆ ವಿಡಿಯೊ ಆ ಕೋಣೆಯಿಂದ ಹೊರಗೆ ಹೋಗುತ್ತಿರಲಿಲ್ಲ.