ಸಂಬಂಧ ವಿಚಾರಿಸಲು ಬಂದವರಿಗೆ ಕೌನ್ಸಿಲರ್ ಏನು ಹೇಳಬೇಕು?

ನಮ್ಮ ಮಂಜೇಶ್ವರ, ಉಪ್ಪಳ ಕಡೆ ಒಂದು ಮದುವೆ ಸಂಬಂಧದ ಮಾತು ಶುರುವಾದರೆ ವಿಚಾರಿಸಲು ಜನ ಮೊದಲು ಹೋಗುವುದು ಅಂಗಡಿಗೆ. "ಆ ಮನೆಯವರು ಹೇಗೆ? ಹುಡುಗನಿಗೆ ಏನಾದರೂ ಕೆಟ್ಟ ಅಭ್ಯಾಸ ಉಂಟಾ?" ಉಪ್ಪನ ದಿನಸಿ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿಯೇ ನಾನು ದೊಡ್ಡವನಾದದ್ದು. ಅಂಗಡಿ, ಮಸೀದಿ, ಆಟೋ ಸ್ಟ್ಯಾಂಡ್ ಇವುಗಳ ಸಾಲಿಗೆ ಈಗ ಇನ್ನೊಂದು ವಿಳಾಸ ಸೇರಿದೆ. ಶಾಲೆಯಲ್ಲೋ ಕ್ಲಿನಿಕ್ಕಿನಲ್ಲೋ ಕೂರುವ ಕೌನ್ಸಿಲರ್. ಅವರಿಗೆ ಎಲ್ಲರ ಒಳಗಿನ ವಿಷಯ ಗೊತ್ತಿರುತ್ತದಲ್ಲ, ಒಂದು ಮಾತು ಕೇಳಿದರೆ ಏನು ತಪ್ಪು ಎಂಬ ಧೋರಣೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೆ ನನ್ನ ಹೆಂಡತಿ ಮಾಡುವುದು ಇದೇ ಕೆಲಸ. ಹಾಗಾಗಿ ಇದರ ನಿಯಮಗಳನ್ನು ನಾನೂ ಸ್ವಲ್ಪ ಓದಿದೆ, ಅವಳೊಂದಿಗೆ ವಾದವನ್ನೂ ಮಾಡಿದೆ.

ಕೋರ್ಸಿನಲ್ಲಿ ಕಲಿಸುವ ಮೊದಲ ಪಾಠ, ಸಲಹೆಗೆ ಬರುವವರೊಂದಿಗೆ ಬೇರೆ ಯಾವ ನಂಟೂ ಇಟ್ಟುಕೊಳ್ಳಬಾರದು ಎಂಬುದು. ಬೆಂಗಳೂರಿನಲ್ಲಿ ಇದು ಸುಲಭ. ನಮ್ಮಲ್ಲಿ ಬಂದವರು ಗೆಳತಿಯ ನಾದಿನಿಯಾಗಿರುತ್ತಾರೆ, ಮಗನ ಕ್ಲಾಸ್‌ಮೇಟಿನ ತಾಯಿಯಾಗಿರುತ್ತಾರೆ, ಇಲ್ಲವೇ ನಮ್ಮದೇ ಅಂಗಡಿಯ ಗಿರಾಕಿ. ಪಾಠವನ್ನು ಅಕ್ಷರಶಃ ಪಾಲಿಸಿದರೆ ಊರಿನ ಕೌನ್ಸಿಲರ್ ಅರ್ಧ ಊರನ್ನು ವಾಪಸ್ ಕಳಿಸಬೇಕಾದೀತು. ಕಳಿಸುವುದಾದರೂ ಎಲ್ಲಿಗೆ? ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರಲು ಅರ್ಧ ದಿನ ಬೇಕು, "ಎಲ್ಲಿಗೆ ಹೋಗಿದ್ದೆ?" ಎಂಬ ಪ್ರಶ್ನೆಗೆ ಒಂದು ಸುಳ್ಳೂ ಬೇಕು. ಬ್ಯಾರಿಯಲ್ಲೋ ತುಳುವಿನಲ್ಲೋ ಅಳಬಲ್ಲವರಿಗೆ ಆ ಭಾಷೆ ತಿಳಿದ ಕೌನ್ಸಿಲರ್ ಎಷ್ಟು ಜನ ಸಿಗುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯೂ ಇಂಥ ನಂಟುಗಳನ್ನೆಲ್ಲ ಸಾರಾಸಗಟು ನಿಷೇಧಿಸಿಲ್ಲ. ಕೌನ್ಸಿಲರ್‌ನ ವಿವೇಚನೆ ಕೆಡುವಂತಿದ್ದರೆ, ಬಂದವರಿಗೆ ಹಾನಿ ಅಥವಾ ಶೋಷಣೆ ಆಗುವಂತಿದ್ದರೆ ಬೇಡ ಎನ್ನುತ್ತದೆ. ಹಾಗಾಗಿ ನಂಟು ಉಂಟೋ ಇಲ್ಲವೋ ಎಂದು ಕೇಳಿ ನಮಗೆ ಪ್ರಯೋಜನವಿಲ್ಲ. ಇರುವ ನಂಟನ್ನು ಹೇಗೆ ನಿಭಾಯಿಸುವುದು ಎಂಬುದೇ ವಿಷಯ.

ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಇದು ಯಾರ ಮನೆಯದ್ದೂ ಅಲ್ಲ. ಗಲ್ಫಿನಿಂದ ಬಂದ ಇಪ್ಪತ್ತೇಳರ ಹುಡುಗ. ರಾತ್ರಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟಿ ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಇಸಿಜಿ ಸರಿಯಾಗಿದೆ. ಡಾಕ್ಟರ್ ಕೌನ್ಸಿಲರ್ ಹತ್ತಿರ ಕಳಿಸಿದರು, ನಾಲ್ಕು ಸಲ ಬಂದ, ಸುಧಾರಿಸುತ್ತಿದ್ದಾನೆ. ಅಷ್ಟರಲ್ಲಿ ಅವನ ಮನೆಯಿಂದ ಕೌನ್ಸಿಲರ್‌ನ ಮಾವನ ಮಗಳಿಗೆ ಸಂಬಂಧ ಬರುತ್ತದೆ. ಮಾವ ಫೋನ್ ಮಾಡುತ್ತಾರೆ, "ಮೋಳೇ, ಆ ಹುಡುಗ ಹೇಗೆ? ನಿನಗೆ ಗೊತ್ತಿರಬೇಕು."

"ಒಳ್ಳೆಯ ಹುಡುಗ" ಅಂದರೆ ಕೋಣೆಯೊಳಗೆ ತಿಳಿದದ್ದನ್ನು ಹೊರಗೆ ಬಳಸಿದ ಹಾಗೆ. "ಗೊತ್ತೇ ಇಲ್ಲ" ಅಂದರೆ ಸುಳ್ಳು, ಮುಂದೊಂದು ದಿನ ಅದು ಹೊರಬಿದ್ದೇ ಬೀಳುತ್ತದೆ. "ನಾನು ಹೇಳುವ ಹಾಗಿಲ್ಲ" ಎಂಬುದು ಸಭ್ಯವಾಗಿ ಕೇಳಿಸುತ್ತದೆ, ಆದರೆ ಮೂರರಲ್ಲಿ ಹೆಚ್ಚು ಅಪಾಯಕಾರಿ ಅದೇ. ಹೋದ ತಿಂಗಳು ಬೇರೊಬ್ಬ ಹುಡುಗನ ಬಗ್ಗೆ "ಪಾಪದ ಹುಡುಗ, ಧೈರ್ಯವಾಗಿ ಕೊಡಿ" ಅಂದಿದ್ದವಳು ಈ ಸಲ ಬಾಯಿ ಮುಚ್ಚಿದರೆ ಮಾವನಿಗೆ ಉತ್ತರ ಸಿಕ್ಕಾಯಿತು. ಹುಡುಗನ ಗುಟ್ಟು ಒಂದೂ ಅಕ್ಷರ ಆಡದೆ ರಟ್ಟಾಯಿತು.

ಆದ್ದರಿಂದ ಕೌನ್ಸಿಲರ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಮನೆಯಲ್ಲಿ, ನೆರೆಯಲ್ಲಿ ಒಂದು ಮಾತು ಹೇಳಿಡಬೇಕು ಎಂಬುದು ನನ್ನ ಅಭಿಪ್ರಾಯ. "ಮದುವೆ ವಿಚಾರದಲ್ಲಿ ನಾನು ಯಾರ ಬಗ್ಗೆಯೂ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವುದಿಲ್ಲ." ಯಾರ ಬಗ್ಗೆಯೂ ಅಂದರೆ ತನ್ನ ಹತ್ತಿರ ಎಂದೂ ಬಾರದವರ ಬಗ್ಗೆಯೂ. ಬಾಲ್ಯದ ಗೆಳತಿಯನ್ನು ಹೊಗಳುವ ಸಣ್ಣ ಸುಖವನ್ನೂ ಬಿಡಬೇಕು. ಇಲ್ಲಿ ಒಂದು ಸಲ ರಿಯಾಯಿತಿ ಕೊಟ್ಟರೆ ಮುಂದಿನ ಮೌನಕ್ಕೆಲ್ಲ ಅರ್ಥ ಹುಟ್ಟುತ್ತದೆ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಹುಡುಗ ಮುಂದಿನ ವಾರ ಮತ್ತೆ ಬರುತ್ತಾನೆ. ಕೌನ್ಸಿಲರ್ ಏನೂ ಗೊತ್ತಿಲ್ಲದವಳಂತೆ ಕೂರಬಾರದು. ಸಂಬಂಧದ ವಿಷಯ ತನ್ನ ಕಿವಿಗೆ ಬಿದ್ದಿದೆ, ಹುಡುಗಿ ತನ್ನ ಮಾವನ ಮಗಳು, ತಾನು ಯಾರಿಗೂ ಏನೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದು ಅವನಿಗೆ ಮೊದಲೇ ತಿಳಿಸಬೇಕು. ಕಾಯಿಲೆಯ ವಿಷಯ ಹುಡುಗಿಗೆ ಹೇಳಬೇಕೋ ಬೇಡವೋ ಎಂದು ಅವನು ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಗೆ ಇವಳು ತಕ್ಕವಳಲ್ಲ. "ಹೇಳು" ಅಂದರೂ "ಆಮೇಲೆ ನೋಡೋಣ" ಅಂದರೂ ಒಳಗೆ ಮಾವನ ಮಗಳ ಹಿತ ಕೂತಿರುತ್ತದೆ. ಇಂಥ ಘಟ್ಟದಲ್ಲಿ ಅವನ ಒಪ್ಪಿಗೆ ಪಡೆದು ಬೇರೆ ಕೌನ್ಸಿಲರ್‌ಗೆ ಒಪ್ಪಿಸಬೇಕು. ಅವರ ಹತ್ತಿರ ಒಮ್ಮೆ ಹೋಗಿ ಬರುವವರೆಗೆ ಕೈ ಬಿಡಬಾರದು. ಮಾವನ ಮಗಳಿಗೆ ಮೋಸವಾಗುವುದಿಲ್ಲವೇ ಎಂದು ನನ್ನ ಉಮ್ಮ ಕೇಳಿದರು. ಗಾಬರಿಯ ಕಾಯಿಲೆ ಅಪರಾಧವಲ್ಲ, ಹೇಳಬೇಕಾದವನು ಅವನು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಯಾರದ್ದಾದರೂ ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು.

ಪೇಟೆಯಲ್ಲಿ ಎದುರಾದರೆ ಏನು ಮಾಡುವುದೆಂದೂ ಅದೇ ಭೇಟಿಯಲ್ಲಿ ಮಾತಾಡಿಕೊಳ್ಳಬೇಕು. ಕಂಡರೂ ಕಾಣದ ಹಾಗೆ ಹೋಗುವುದು ಪಟ್ಟಣದ ರೂಢಿ. ನಮ್ಮಲ್ಲಿ ಗುರುತಿನವರಿಗೆ ಸಲಾಂ ಹೇಳದೆ ಹೋದರೆ ಅದೇ ಸುದ್ದಿ. ಹಿಂದೆ ಹೇಗೆ ಮಾತಾಡಿಸುತ್ತಿದ್ದರೋ ಹಾಗೇ ಮಾತಾಡಿಸುವುದು, ಕೋಣೆಯ ವಿಷಯವನ್ನು ಹೊರಗೆ ಇಬ್ಬರೂ ಎತ್ತದಿರುವುದು, ಇಷ್ಟು ಸಾಕು.

ಒಪ್ಪಿಕೊಳ್ಳಲೇಬಾರದ ನಂಟುಗಳೂ ಉಂಟು. ಹತ್ತಿರದ ರಕ್ತಸಂಬಂಧ ಒಂದು, ದುಡ್ಡಿನ ವ್ಯವಹಾರ ಇನ್ನೊಂದು. ನಮ್ಮ ಅಂಗಡಿಯ ಕಡದ ಪುಸ್ತಕದಲ್ಲಿ ದೊಡ್ಡ ಬಾಕಿ ಇರುವ ಹೆಂಗಸು ನನ್ನ ಹೆಂಡತಿಯ ಎದುರು "ನಿಮ್ಮ ಮಾತು ನನಗೆ ಸರಿ ಬರಲಿಲ್ಲ" ಎಂದು ಹೇಳಬಲ್ಲಳೇ? ಗಂಡ ದುಡಿದದ್ದನ್ನೆಲ್ಲ ಎಲ್ಲಿ ಕಳೆಯುತ್ತಾನೆಂದು ಬಾಯಿ ಬಿಡುವಳೇ? ಅದಕ್ಕೇ ಅವಳು ಆ ಪುಸ್ತಕ ಮುಟ್ಟುವುದಿಲ್ಲ, ಗಲ್ಲೆಯಲ್ಲಿ ಕೂರುವುದೂ ಇಲ್ಲ. ಯಾರ ಬಾಕಿ ಎಷ್ಟೆಂದು ನಾವು ಮನೆಯಲ್ಲಿ ಆಡುವುದಿಲ್ಲ. ಅಂಗಡಿಗೆ ಬರುವವರಲ್ಲಿ ಯಾರು ಅವಳ ಹತ್ತಿರ ಹೋಗುತ್ತಾರೆಂದು ನನಗೂ ಗೊತ್ತಿಲ್ಲ. ಮೊದಲು ಇದು ನನಗೆ ಸ್ವಲ್ಪ ಕಸಿವಿಸಿಯಾಗುತ್ತಿತ್ತು, ಈಗ ನಿರಾಳ.

ಗೆರೆ ಸರಿಯುತ್ತಿದೆ ಎಂದು ತಿಳಿಯುವುದು ಹೇಗೆ? ಒಬ್ಬರಿಗೆ ಮಾತ್ರ ಸಮಯ ಉದ್ದವಾಗುತ್ತದೆ. ರಾತ್ರಿ ವಾಟ್ಸಾಪಿನಲ್ಲಿ ಉತ್ತರ ಹೋಗುತ್ತದೆ. ಒಂದು ವಿಷಯವನ್ನು ಫೈಲಿನಲ್ಲಿ ಬರೆಯಲು ಕೈ ಹಿಂಜರಿಯುತ್ತದೆ. ಆಗ ಹಿರಿಯ ಕೌನ್ಸಿಲರ್ ಒಬ್ಬರನ್ನು ಕೇಳಬೇಕು, ಆದರೆ ಅವರು ಹೊರ ಊರಿನವರಾಗಿರಬೇಕು. ಹೆಸರು ಮುಚ್ಚಿಟ್ಟರೆ ಸಾಕೆಂದುಕೊಳ್ಳಬೇಡಿ. "ಮೂವರು ಅಣ್ಣಂದಿರು ದುಬೈಯಲ್ಲಿ, ಮನೆ ರೈಲ್ವೆ ಗೇಟಿನ ಹತ್ತಿರ" ಅಂದರೆ ಕಾಸರಗೋಡಿನವರೆಗೂ ಗುರುತು ಸಿಗುತ್ತದೆ.

ಊರಿನ ಯಾರೂ ಬೇಡ ಅನ್ನುವವರಿಗೆ ಸರಕಾರದ ಟೆಲಿ ಮಾನಸ್ ಉಂಟು. ನಂಬರ್ 14416, ಕನ್ನಡ, ಮಲಯಾಳಂ ಎರಡರಲ್ಲೂ ಮಾತಾಡಬಹುದು. ಬ್ಯಾರಿ ಅದರಲ್ಲಿಲ್ಲ. ಬ್ಯಾರಿಯಲ್ಲೇ ಹೇಳಬೇಕಾದವರಿಗೆ ಊರಿನ ಕೌನ್ಸಿಲರೇ ಗತಿ. ಅವರ ಮಾವನೋ ನೆರೆಯವರೋ ನಾವೇ ಆಗಿರುತ್ತೇವೆ. ಮುಂದಿನ ಸಂಬಂಧ ಬಂದಾಗ ಫೋನ್ ಎತ್ತುವ ಮೊದಲು ಇದನ್ನು ನೆನಪಿಡಿ, ಉಪ್ಪನ ಅಂಗಡಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ.